ತೀರ್ಪಿಗೆ ಮೊದಲು ನಾಲ್ಕು ಮನೆ: ಸಂಶೋಧನಾ ಪೇಪರ್ ಓದುವುದು ಹೇಗೆ?

ಶ್ವಾಸಕೋಶದ ಕ್ಯಾನ್ಸರ್ ಬಂದ 649 ಗಂಡಸರು. ಅವರಲ್ಲಿ 647 ಮಂದಿ ತಂಬಾಕು ಸೇದುವವರು. ಪಕ್ಕದಲ್ಲೇ ಬೇರೆ ಕಾಯಿಲೆಗೆ ಆಸ್ಪತ್ರೆ ಸೇರಿದ್ದ, ಕ್ಯಾನ್ಸರ್ ಇಲ್ಲದ ಇನ್ನೂ 649 ಗಂಡಸರು. ಅವರಲ್ಲಿ ಸೇದುವವರು 622.

ಮೊದಲ ಸಲ ಈ ಅಂಕಿ ನೋಡಿದಾಗ ನನಗೆ ನಗು ಬಂದಿತ್ತು. ಕ್ಯಾನ್ಸರ್ ಇಲ್ಲದವರಲ್ಲೂ ನೂರಕ್ಕೆ 96 ಜನ ಸೇದುತ್ತಿದ್ದರೆ, ಇದರಿಂದ ಸಾಬೀತಾಗಿದ್ದಾದರೂ ಏನು? ಪೇಪರ್ ಮಡಚಿ ಪಕ್ಕಕ್ಕಿಟ್ಟೆ. ಅದು ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ 1950ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಪೇಪರ್. ಧೂಮಪಾನದ ಬಗ್ಗೆ ಜಗತ್ತಿನ ಅಭಿಪ್ರಾಯ ಬದಲಿಸಿದ ಕೆಲಸಗಳಲ್ಲಿ ಅದೂ ಒಂದು. ನಾನು ಎಡವಿದ್ದು ಲೆಕ್ಕದಲ್ಲಲ್ಲ, ಅವಸರದಲ್ಲಿ. ಓದುವ ಮೊದಲೇ ತೀರ್ಪು ಕೊಟ್ಟಿದ್ದೆ.

ಈಗ ಯಾವ ಪೇಪರ್ ಓದಿದರೂ ಒಂದು ಖಾಲಿ ಹಾಳೆ ಇಟ್ಟುಕೊಳ್ಳುತ್ತೇನೆ. ಅದರಲ್ಲಿ ನಾಲ್ಕು ಮನೆ: ವಾದ, ಪುರಾವೆ, ವಿಧಾನ, ಮಿತಿ. ನಾಲ್ಕೂ ತುಂಬುವ ತನಕ ಸರಿ, ತಪ್ಪು ಅನ್ನುವ ಮಾತಿಲ್ಲ. ಅದೇ ಪೇಪರನ್ನು ಮತ್ತೆ ತೆಗೆದು, ಹಾಳೆ ತುಂಬುವುದು ಹೇಗೆ ಅಂತ ನೋಡೋಣ.

ಮನೆ ಒಂದು: ವಾದ

ಲೇಖಕರು ಕೊನೆಗೆ ಏನು ಹೇಳುತ್ತಿದ್ದಾರೆ ಅನ್ನುವುದನ್ನು ನಿಮ್ಮ ಮಾತಿನಲ್ಲಿ ಒಂದೇ ಸಾಲಿನಲ್ಲಿ ಬರೆಯಿರಿ. ಶೀರ್ಷಿಕೆ ನೋಡಿ ಬರೆಯಬೇಡಿ. ಸಾರಾಂಶದ ಕೊನೆ ಮತ್ತು ಪೇಪರಿನ ಕೊನೆಯ ಪ್ಯಾರಾ ನೋಡಿ. ಎರಡೂ ಕಡೆ ಒಂದೇ ಮಾತಿದೆಯಾ ಅಂತ ಹೋಲಿಸಿ. ಎಷ್ಟೋ ಪೇಪರ್‌ಗಳಲ್ಲಿ ಒಳಗೆ ಮೆತ್ತಗಿದ್ದ ಮಾತು ಸಾರಾಂಶಕ್ಕೆ ಬರುವಷ್ಟರಲ್ಲಿ ಗಟ್ಟಿಯಾಗಿರುತ್ತದೆ.

ಡಾಲ್ ಮತ್ತು ಹಿಲ್ ಅವರ ವಾದ ಇಷ್ಟು: ಶ್ವಾಸಕೋಶದ ಕ್ಯಾನ್ಸರ್ ಬರುವುದರಲ್ಲಿ ಧೂಮಪಾನ ಒಂದು ಅಂಶ, ಅದೂ ಮುಖ್ಯವಾದ ಅಂಶ. ಸೇದಿದವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಅಂತಲೂ ಅಲ್ಲ, ಸೇದದವರಿಗೆ ಬರುವುದೇ ಇಲ್ಲ ಅಂತಲೂ ಅಲ್ಲ. ಕ್ರಿಯಾಪದದ ಮೇಲೆ ಕಣ್ಣಿಡಿ. 'ಸಂಬಂಧ ಇದೆ' ಅನ್ನುವುದು ಒಂದು ಮಾತು, 'ಕಾರಣವಾಗುತ್ತದೆ' ಅನ್ನುವುದು ಅದಕ್ಕಿಂತ ತುಂಬ ದೊಡ್ಡ ಮಾತು. ದೊಡ್ಡ ಮಾತಿಗೆ ದೊಡ್ಡ ಪುರಾವೆ ಬೇಕು. ಇವರು ಆಡಿರುವುದು ಎರಡನೇ ಬಗೆಯ ಮಾತು. ಹಾಗಾಗಿ ಮುಂದಿನ ಮನೆಗಳಲ್ಲಿ ಸ್ವಲ್ಪ ಬಿಗಿಯಾಗಿಯೇ ಕೇಳಬೇಕು.

ನನ್ನ ನಗುವಿನ ತಪ್ಪು ಇಲ್ಲೇ ಗೊತ್ತಾಗುತ್ತದೆ. 'ಸೇದಿದವರಿಗೆಲ್ಲ ಕ್ಯಾನ್ಸರ್' ಅನ್ನುವ, ಅವರು ಹೇಳೇ ಇಲ್ಲದ ವಾದವನ್ನು ನಾನು ತಳ್ಳಿಹಾಕಿದ್ದೆ.

ಮನೆ ಎರಡು: ಪುರಾವೆ

ಇಲ್ಲಿ ಲೇಖಕರ ವಿವರಣೆ ಬಿಟ್ಟು ನೇರವಾಗಿ ಕೋಷ್ಟಕಕ್ಕೆ ಹೋಗಿ. ಅಂಕಿಗಳನ್ನು ಕೈಯಲ್ಲೇ ಬರೆದುಕೊಳ್ಳಿ. ಶೇಕಡಾವಾರು ಮಾತ್ರ ಕೊಟ್ಟಿದ್ದರೆ ಅದರ ಹಿಂದೆ ಎಷ್ಟು ಜನ ಇದ್ದಾರೆ ಅಂತ ಹುಡುಕಿ.

ನಮ್ಮ ಲೆಕ್ಕವನ್ನೇ ತಿರುಗಿಸಿ ನೋಡೋಣ. ಸೇದುವವರನ್ನು ಬಿಟ್ಟು ಸೇದದವರನ್ನು ಎಣಿಸಿ. ಕ್ಯಾನ್ಸರ್ ಇದ್ದವರಲ್ಲಿ ಸೇದದವರು 2. ಇಲ್ಲದವರಲ್ಲಿ 27. ಈಗ ಚಿತ್ರವೇ ಬೇರೆ, ಅಲ್ವಾ? ಕ್ಯಾನ್ಸರ್ ಗುಂಪಿನಲ್ಲಿ ಒಬ್ಬ ಸೇದದವನಿಗೆ ಸುಮಾರು 323 ಸೇದುವವರು. ಇನ್ನೊಂದು ಗುಂಪಿನಲ್ಲಿ ಒಬ್ಬನಿಗೆ 23. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 14. ಬಹುತೇಕ ಎಲ್ಲರೂ ಸೇದುತ್ತಿದ್ದ ಕಾಲದಲ್ಲಿ ವ್ಯತ್ಯಾಸ ಕಾಣುವುದು ಸೇದದ ಆ ಕೆಲವೇ ಜನರಲ್ಲಿ.

ಆದರೆ ಈ 14 ನೋಡಿ ಮೈಮರೆಯಬಾರದು. ಅದು ನಿಂತಿರುವುದು ಇಬ್ಬರ ಮೇಲೆ. ಆ ಇಬ್ಬರ ಜಾಗದಲ್ಲಿ ನಾಲ್ವರು ಇದ್ದಿದ್ದರೆ? 645ನ್ನು 4ರಿಂದ ಭಾಗಿಸಿದರೆ 161. ಅದನ್ನು 23ರಿಂದ ಭಾಗಿಸಿದರೆ 7. ಇಬ್ಬರು ಆಚೀಚೆ ಆದರೆ ಉತ್ತರ ಅರ್ಧಕ್ಕೆ ಇಳಿಯುತ್ತದೆ. ಚಿಕ್ಕ ಸಂಖ್ಯೆ ಎಲ್ಲಿ ಕಂಡರೂ ಹೀಗೆ ಒಂದೆರಡು ಜನರನ್ನು ಸರಿಸಿ ನೋಡಿ. ಕ್ಯಾಲ್ಕುಲೇಟರ್ ಸಾಕು, ಸಂಖ್ಯಾಶಾಸ್ತ್ರ ಓದಿರಬೇಕಿಲ್ಲ.

ಇಬ್ಬರನ್ನು ನಂಬಿಕೊಳ್ಳದ ಬೇರೆ ಪುರಾವೆ ಇದೆಯಾ? ಇದೆ. ಕಾಯಿಲೆ ಬೀಳುವ ಮುಂಚೆ ದಿನಕ್ಕೆ 25 ಅಥವಾ ಅದಕ್ಕಿಂತ ಜಾಸ್ತಿ ಸಿಗರೇಟಿನಷ್ಟು ಸೇದುತ್ತಿದ್ದ ಗಂಡಸರು ಕ್ಯಾನ್ಸರ್ ಗುಂಪಿನಲ್ಲಿ 168, ಇನ್ನೊಂದರಲ್ಲಿ 84. ಸರಿಯಾಗಿ ಎರಡರಷ್ಟು. ದಿನಕ್ಕೆ ನಾಲ್ಕರೊಳಗೆ ಸೇದುವವರನ್ನು ನೋಡಿದರೆ ಉಲ್ಟಾ: 33 ಮತ್ತು 55. ಪ್ರಮಾಣ ಏರಿದ ಹಾಗೆ ತಕ್ಕಡಿ ಕ್ಯಾನ್ಸರ್ ಕಡೆಗೆ ವಾಲುತ್ತದೆ. ನನ್ನ ಪ್ರಕಾರ ಈ ಪೇಪರಿನ ಜೀವ ಇರುವುದು ಈ ಕೋಷ್ಟಕದಲ್ಲಿ, ಆ 14ರಲ್ಲಿ ಅಲ್ಲ.

ಹೆಂಗಸರ ಅಂಕಿಯೂ ಇದೆ, ಎರಡೂ ಕಡೆ ಅರವತ್ತು ಅರವತ್ತು ಜನ. ಸೇದುವವರು 41 ಮತ್ತು 28. ದಿಕ್ಕು ಅದೇ.

ಮನೆ ಮೂರು: ವಿಧಾನ

ವಿಧಾನದ ಭಾಗವನ್ನು ಜಾಸ್ತಿ ಜನ ಹಾರಿಸಿಬಿಡುತ್ತಾರೆ. ಅಕ್ಷರವೂ ಸಣ್ಣದಿರುತ್ತದೆ, ಓದಲು ಬೇಸರ. ಆದರೆ ಪೇಪರ್ ಗೆಲ್ಲುವುದು ಸೋಲುವುದು ಅಲ್ಲೇ.

ಮೊದಲು ಕೇಳಬೇಕಾದ್ದು: ಇವರು ಎಲ್ಲಿಂದ ಹೊರಟರು? ಸೇದುವವರನ್ನು ಹಿಡಿದು ಮುಂದೆ ಏನಾಯಿತು ಅಂತ ನೋಡಿದರಾ, ಅಥವಾ ಕಾಯಿಲೆ ಬಂದವರನ್ನು ಹಿಡಿದು ಹಿಂದೆ ಏನಿತ್ತು ಅಂತ ಕೇಳಿದರಾ? ಇವರದ್ದು ಎರಡನೆಯದು. ಲಂಡನ್ನಿನ 20 ಆಸ್ಪತ್ರೆಗಳಿಂದ ರೋಗಿಗಳ ಮಾಹಿತಿ ಬರುತ್ತಿತ್ತು. ಸಂದರ್ಶಕರು ಹೋಗಿ ಮಾತಾಡಿಸುತ್ತಿದ್ದರು. ಒಬ್ಬೊಬ್ಬ ಕ್ಯಾನ್ಸರ್ ರೋಗಿಗೂ ಅದೇ ಲಿಂಗದ, ಅದೇ ಐದು ವರ್ಷದ ವಯೋಗುಂಪಿನ, ಹೆಚ್ಚಾಗಿ ಅದೇ ಆಸ್ಪತ್ರೆಯ ಇನ್ನೊಬ್ಬ ರೋಗಿಯನ್ನು ಜೋಡಿಯಾಗಿ ಆರಿಸಿದರು. ಇದನ್ನು ಕೇಸ್-ಕಂಟ್ರೋಲ್ ಅಧ್ಯಯನ ಅನ್ನುತ್ತಾರೆ. ಕ್ಯಾನ್ಸರ್ ಬರಲು ವರ್ಷಗಟ್ಟಲೆ ಬೇಕು, ಹಾಗಾಗಿ ಬೇಗ ಉತ್ತರ ಸಿಗುವ ದಾರಿ ಇದು. ನೂರು ಜನ ಸೇದಿದರೆ ಎಷ್ಟು ಜನರಿಗೆ ಬರುತ್ತದೆ ಅನ್ನುವುದನ್ನು ಮಾತ್ರ ಇದು ನೇರವಾಗಿ ಹೇಳಲಾರದು.

ಎರಡನೇ ಪ್ರಶ್ನೆ: ಅಳತೆ ಹೇಗೆ? 'ಸೇದುವವರು' ಅಂದರೆ ಯಾರು? ಒಂದು ವರ್ಷವಾದರೂ ದಿನಕ್ಕೆ ಕನಿಷ್ಠ ಒಂದು ಸಿಗರೇಟು ಸೇದಿದವರು ಅಂತ ಪೇಪರಿನಲ್ಲೇ ಇದೆ. ಇಂಥ ವ್ಯಾಖ್ಯೆ ಎಲ್ಲೂ ಸಿಗದಿದ್ದರೆ ಹಾಳೆಯಲ್ಲಿ ದೊಡ್ಡ ಪ್ರಶ್ನೆ ಚಿಹ್ನೆ ಹಾಕಿ.

ಮೂರನೆಯದು ಸ್ವಲ್ಪ ಪತ್ತೇದಾರಿ ಕೆಲಸ. ಸಂದರ್ಶಕರಿಗೆ ಎದುರಿಗಿರುವವನ ಕಾಯಿಲೆ ಗೊತ್ತಿದ್ದರೆ, ಅವನನ್ನು ಇನ್ನೊಂದು ಸಲ ಕೆದಕಿ ಕೇಳಿರಬಹುದಲ್ವಾ? ರೋಗಿಯೂ ತನ್ನ ಚಟವನ್ನು ಹಿಗ್ಗಿಸಿ ಹೇಳಿರಬಹುದು. ಆಗ ವ್ಯತ್ಯಾಸ ಇಲ್ಲದ ಕಡೆಯೂ ವ್ಯತ್ಯಾಸ ಕಾಣುತ್ತದೆ. ಇದನ್ನು ಲೇಖಕರು ಪರೀಕ್ಷಿಸಿದ ರೀತಿ ನನಗೆ ತುಂಬ ಇಷ್ಟ. ಸಂದರ್ಶನದ ಹೊತ್ತಿಗೆ ಶ್ವಾಸಕೋಶದ ಕ್ಯಾನ್ಸರ್ ಅಂದುಕೊಂಡಿದ್ದ ಕೆಲವರಿಗೆ ಆಮೇಲೆ ಆ ಕಾಯಿಲೆ ಇಲ್ಲ ಅಂತ ಗೊತ್ತಾಯಿತು. ಕೇಳಿದ ರೀತಿಯಲ್ಲೇ ದೋಷ ಇದ್ದಿದ್ದರೆ ಇವರ ಉತ್ತರವೂ ಕ್ಯಾನ್ಸರ್ ಗುಂಪಿನ ಹಾಗೇ ಇರಬೇಕಿತ್ತು. ಇರಲಿಲ್ಲ. ಕ್ಯಾನ್ಸರ್ ಇಲ್ಲದವರ ಉತ್ತರಕ್ಕೆ ಹೊಂದುತ್ತಿತ್ತು. ಆಸ್ಪತ್ರೆಯ ತಪ್ಪು ರೋಗನಿರ್ಣಯ ಇವರಿಗೆ ಒಳ್ಳೆಯ ತಪಾಸಣೆಯಾಯಿತು.

ಮನೆ ನಾಲ್ಕು: ಮಿತಿ

ಮಿತಿ ಬರೆಯುವಾಗ 'ಸ್ಯಾಂಪಲ್ ಚಿಕ್ಕದು', 'ಇನ್ನೂ ಅಧ್ಯಯನ ಬೇಕು' ಅಂತ ಸುಮ್ನೆ ಬರೆದರೆ ಉಪಯೋಗವಿಲ್ಲ. ಅದನ್ನು ಯಾವ ಪೇಪರಿಗೆ ಬೇಕಾದರೂ ಅಂಟಿಸಬಹುದು. ಪ್ರತಿ ಮಿತಿಯ ಪಕ್ಕ ಒಂದು ಬಾಣ ಹಾಕಿ. ಈ ದೋಷ ಉತ್ತರವನ್ನು ಯಾವ ಕಡೆಗೆ ಎಳೆಯುತ್ತದೆ? ಹಿಗ್ಗಿಸುತ್ತದಾ, ಕುಗ್ಗಿಸುತ್ತದಾ?

ಒಂದು ಉದಾಹರಣೆ. ಹೋಲಿಕೆಗೆ ತೆಗೆದುಕೊಂಡವರೂ ಆಸ್ಪತ್ರೆಯಲ್ಲಿದ್ದ ರೋಗಿಗಳೇ. ಹೃದಯದ ಕಾಯಿಲೆಯಂಥ ಬೇರೆ ಕಾಯಿಲೆಗಳಿಗೂ ತಂಬಾಕು ಕಾರಣ ಅಂತ ಈಗ ನಮಗೆ ಗೊತ್ತು. ಅಂದರೆ ಆ ಗುಂಪಿನಲ್ಲಿ ಸೇದುವವರು ಹೊರಗಿನ ಜನರಿಗಿಂತ ಜಾಸ್ತಿಯೇ ಇದ್ದಿರಬಹುದು. ಇದು ಎರಡು ಗುಂಪಿನ ಅಂತರವನ್ನು ಕುಗ್ಗಿಸುವ ದೋಷ. ಬಾಣ ಕೆಳಕ್ಕೆ. ಮಿತಿ ನಿಜ, ಆದರೆ ಅದು ವಾದವನ್ನು ಬೀಳಿಸುವುದಿಲ್ಲ. ದೋಷ ಸಿಕ್ಕಿದ ತಕ್ಷಣ ಪೇಪರನ್ನೇ ಎಸೆಯುವವರು ಈ ಒಂದು ಹೆಜ್ಜೆ ತಪ್ಪಿಸಿಕೊಳ್ಳುತ್ತಾರೆ.

ಇನ್ನೊಂದು ಮಿತಿಗೆ ಬಾಣ ಹಾಕುವುದು ಅಷ್ಟು ಸುಲಭವಿಲ್ಲ. ಹೊಗೆಯನ್ನು ಒಳಗೆ ಎಳೆದುಕೊಳ್ಳುತ್ತೀರಾ ಅಂತಲೂ ಕೇಳಿದ್ದರು. ಹೌದು ಅಂದವರು ಕ್ಯಾನ್ಸರ್ ಗುಂಪಿನಲ್ಲಿ ಜಾಸ್ತಿ ಇರಬೇಕಿತ್ತು. ಇರಲಿಲ್ಲ, ಸ್ವಲ್ಪ ಕಡಿಮೆಯೇ ಇದ್ದರು. ಲೇಖಕರು ಇದನ್ನು ಮುಚ್ಚಿಡಲಿಲ್ಲ. ಆಮೇಲೆ ದೊಡ್ಡ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ ಇದನ್ನೇ ಹಿಡಿದು ಜಗ್ಗಿದರು. ಸೇದುವ ಆಸೆ ಮತ್ತು ಕ್ಯಾನ್ಸರ್ ಎರಡಕ್ಕೂ ಹುಟ್ಟಿನಿಂದ ಬಂದ ಗುಣವೇ ಕಾರಣ ಇರಬಹುದು ಅನ್ನುವುದು ಅವರ ಅನುಮಾನ. ಅವರು ಪೈಪ್ ಸೇದುತ್ತಿದ್ದರು, ತಂಬಾಕು ಕಂಪನಿಗಳ ಒಕ್ಕೂಟಕ್ಕೆ ಸಲಹೆಗಾರರೂ ಆಗಿದ್ದರು. ಆದರೂ ಪ್ರಶ್ನೆ ಪ್ರಶ್ನೆಯೇ, ಹಾಳೆಯಲ್ಲಿ ಅದಕ್ಕೆ ಜಾಗ ಕೊಡಬೇಕು.

ಈಗ ತೀರ್ಪು

ನಾಲ್ಕು ಮನೆ ತುಂಬಿದ ಮೇಲೆ ಹಾಳೆಯ ಕೆಳಗೆ ಎರಡು ಸಾಲು ಬರೆಯಿರಿ. ಒಟ್ಟಾರೆ 'ಒಳ್ಳೆಯ ಪೇಪರ್' ಅಂತ ಬೇಡ. ವಾದದ ಯಾವ ಭಾಗ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ, ಅಷ್ಟು ಸಾಕು. ನನ್ನ ಹಾಳೆಯಲ್ಲಿ ಹೀಗಿದೆ: 'ಸೇದುವ ಪ್ರಮಾಣಕ್ಕೂ ಈ ಕ್ಯಾನ್ಸರಿಗೂ ನಂಟು ಗಟ್ಟಿ. ಸಂದರ್ಶಕರ ಪಕ್ಷಪಾತದಿಂದ ಬಂದದ್ದಲ್ಲ. ಕಾರಣ ಅನ್ನುವ ಮಾತು ಬಹಳ ಮಟ್ಟಿಗೆ ನಂಬಬಹುದು, ಆದರೆ ಹುಟ್ಟುಗುಣದ ಅನುಮಾನವನ್ನು ಈ ಪೇಪರ್ ಒಂದರಿಂದ ತಳ್ಳಿಹಾಕಲು ಆಗದು. ಹೊಗೆ ಎಳೆದುಕೊಳ್ಳುವ ಲೆಕ್ಕ ಬಗೆಹರಿದಿಲ್ಲ.'

ಮಿತಿಯ ಮನೆಯಲ್ಲಿ ಬರೆದದ್ದನ್ನು ಹಿಡಿದು ಮುಂದಿನ ಪೇಪರ್ ಹುಡುಕಿ. ಇಲ್ಲಿ ಹುಡುಕಬೇಕಾದದ್ದು, ಸೇದುವವರಿಂದ ಹೊರಟು ಮುಂದಕ್ಕೆ ನೋಡಿದ ಅಧ್ಯಯನ. ಅದನ್ನೂ ಇವರಿಬ್ಬರೇ ಶುರು ಮಾಡಿದರು. 1951ರಲ್ಲಿ ಬ್ರಿಟನ್ನಿನ ವೈದ್ಯರಿಗೆ ಪತ್ರ ಬರೆದು ಅವರ ಸೇದುವ ಅಭ್ಯಾಸ ಕೇಳಿದರು, ಆಮೇಲೆ ಯಾರು ಯಾವುದರಿಂದ ಸತ್ತರು ಅಂತ ಎಣಿಸುತ್ತಾ ಹೋದರು. ಮೊದಲ ಫಲಿತಾಂಶ 1954ರಲ್ಲಿ ಬಂತು. ಅದಕ್ಕೆ ಹೊಸ ಹಾಳೆ ತೆಗೆದುಕೊಂಡು, ಮತ್ತೆ ಮೊದಲ ಮನೆಯಿಂದ ಶುರು ಮಾಡಿ.