ಅಕೌಂಟ್ ಮ್ಯಾನೇಜರ್ ಬದಲಾದಾಗ ಸಪ್ಲೈಯರ್‌ಗೆ ಇಮೇಲ್ ಬರೆಯುವುದು ಹೇಗೆ?

ಸಪ್ಲೈಯರ್‌ಗಳನ್ನು ನೋಡಿಕೊಳ್ಳುತ್ತಿದ್ದವರು ಬೇರೆ ಕೆಲಸಕ್ಕೆ ಹೋಗುತ್ತಿದ್ದಾರೆ, ಆ ಜಾಗಕ್ಕೆ ಹೊಸಬರು ಬರುತ್ತಿದ್ದಾರೆ. ಆಗ ಸಪ್ಲೈಯರ್‌ಗೆ ಹೊಸಬರ ಹೆಸರು ತಿಳಿದರೆ ಸಾಲದು. ಕೊಟ್ಟಾಗಿರುವ ಆರ್ಡರ್ ಗತಿ ಏನು ಎಂಬುದೇ ಅವರ ಮೊದಲ ಪ್ರಶ್ನೆ.

ಹಾಗಾಗಿ ಬರೆಯಲು ಕೂರುವ ಮೊದಲು ಆ ಸಪ್ಲೈಯರ್‌ನ ಬಾಕಿ ಆರ್ಡರ್‌ಗಳ ಪಟ್ಟಿ ತೆಗೆಯಿರಿ. ಫೋನಿನಲ್ಲಿ ಮಾತಾಡಿಕೊಂಡದ್ದನ್ನೂ ಪಕ್ಕದಲ್ಲೇ ಬರೆಯಿರಿ. ಕಂತಿನಲ್ಲಿ ಕಳಿಸಲು ಒಪ್ಪಿದ್ದು, ತಾರೀಕು ಮುಂದೆ ಹಾಕಿದ್ದು ಎಷ್ಟೋ ಸಲ ಸಿಸ್ಟಮ್‌ನಲ್ಲಿ ಇರುವುದೇ ಇಲ್ಲ. ಕೈ ಬದಲಾದಾಗ ಜಾಸ್ತಿ ಕಳೆದುಹೋಗುವುದು ಇವೇ.

ಇಮೇಲ್ ಹಳೆಯ ಮ್ಯಾನೇಜರ್ ಐಡಿಯಿಂದಲೇ ಹೋಗಲಿ, ಹೊಸಬರು ಸಿಸಿಯಲ್ಲಿರಲಿ. ಗುರುತಿಲ್ಲದವರು ‘ಇನ್ನು ನಾನೇ ನೋಡಿಕೊಳ್ಳುತ್ತೇನೆ’ ಎಂದು ಬರೆದರೆ ಸಪ್ಲೈಯರ್‌ಗೆ ಅನುಮಾನ ಬರುತ್ತದೆ, ಬರಬೇಕು ಕೂಡ. ಬೇರೆ ವಿಳಾಸಕ್ಕೆ ಸರಕು ತರಿಸಿಕೊಳ್ಳುವ ಮೋಸ ಹೀಗೇ ಶುರುವಾಗುತ್ತದೆ. ಒಬ್ಬೊಬ್ಬ ಸಪ್ಲೈಯರ್‌ಗೂ ಬೇರೆ ಬೇರೆ ಇಮೇಲ್ ಕಳಿಸಿ. ಎಲ್ಲರನ್ನೂ ಒಂದರಲ್ಲೇ ಸೇರಿಸಿದರೆ ಒಬ್ಬರ ಐಡಿ, ಆರ್ಡರ್ ಇನ್ನೊಬ್ಬರಿಗೆ ಕಾಣುತ್ತದೆ.

ಪ್ಯಾಕಿಂಗ್ ಡಬ್ಬಿ ಕೊಡುವ ಸಪ್ಲೈಯರ್‌ಗೆ ಹೀಗೆ ಬರೆಯಬಹುದು:

ವಿಷಯ: 15ರಿಂದ ಹೊಸ ಅಕೌಂಟ್ ಮ್ಯಾನೇಜರ್ – ಆರ್ಡರ್ 4471, 4480

ನಮಸ್ಕಾರ,
ಇದೇ 15ರಿಂದ ನಿಮ್ಮ ಆರ್ಡರ್‌ಗಳನ್ನು ಸಿಸಿಯಲ್ಲಿರುವ (ಹೊಸಬರ ಹೆಸರು) ಅವರು ನೋಡಿಕೊಳ್ಳುತ್ತಾರೆ. 14ರ ಸಂಜೆಯವರೆಗೆ ನಾನೇ ಇರುತ್ತೇನೆ.
4471: 500 ಡಬ್ಬಿಗಳಲ್ಲಿ 300 ಬಂದಿವೆ. ಉಳಿದ 200 ಡಬ್ಬಿಗಳನ್ನು, ಫೋನಿನಲ್ಲಿ ಒಪ್ಪಿಕೊಂಡಂತೆ, 18ಕ್ಕೆ ಕಳಿಸಿ.
4480: ಸ್ಯಾಂಪಲ್‌ಗೆ ಒಪ್ಪಿಗೆಯನ್ನು ನಾನೇ 13ರೊಳಗೆ ತಿಳಿಸುತ್ತೇನೆ.
ರೇಟು, ಡೆಲಿವರಿ ವಿಳಾಸ, ಬಿಲ್ ಕಳಿಸುವ ಐಡಿ ಯಾವುದೂ ಬದಲಾಗಿಲ್ಲ. ಬದಲಾಗಿದೆ ಎಂದು ಯಾರಾದರೂ ಬರೆದರೆ ನಮ್ಮ ಆಫೀಸಿನ ಹಳೆಯ ನಂಬರ್‌ಗೆ ಫೋನ್ ಮಾಡಿ ಕೇಳಿ.
ನಿಮ್ಮ ಲೆಕ್ಕದಲ್ಲಿ ನಮ್ಮ ಯಾವ ಯಾವ ಆರ್ಡರ್ ಬಾಕಿ ಇದೆ ಎಂದು ಇಬ್ಬರಿಗೂ ಉತ್ತರಿಸಿ.

4480ರ ಸಾಲು ಗಮನಿಸಿ. ಅರ್ಧಕ್ಕೆ ನಿಂತ ತೀರ್ಮಾನವನ್ನು ಸುಮ್ನೆ ಹೊಸಬರ ತಲೆಗೆ ಕಟ್ಟಬಾರದು. ಸ್ಯಾಂಪಲ್ ನೋಡಿದವರು ಹಳಬರು, ಆದ್ದರಿಂದ ಒಪ್ಪಿಗೆಯನ್ನೂ ಅವರೇ ಕೊಡಬೇಕು. ಇಲ್ಲದಿದ್ದರೆ ಹೊಸಬರು ಮತ್ತೆ ಸ್ಯಾಂಪಲ್ ಕೇಳುತ್ತಾರೆ, ಆರ್ಡರ್ ಅಷ್ಟು ದಿನ ನಿಲ್ಲುತ್ತದೆ. ಈ ಇಮೇಲ್ ಅನ್ನು ಎರಡು ವಾರ ಮೊದಲೇ ಕಳಿಸಿದರೆ ಇಂಥದ್ದನ್ನು ಮುಗಿಸಲು ಸಮಯ ಸಿಗುತ್ತದೆ.

ಕೊನೆಯ ಸಾಲಿನ ಪ್ರಶ್ನೆಯನ್ನು ಬಿಡಲೇಬೇಡಿ. ‘ಸರಿ, ಧನ್ಯವಾದ’ ಎಂಬ ಉತ್ತರದಿಂದ ಏನೂ ಗೊತ್ತಾಗುವುದಿಲ್ಲ. ಪಟ್ಟಿ ಬಂದರೆ ನಿಮ್ಮದರ ಜೊತೆ ಇಟ್ಟು ನೋಡಬಹುದು. 4471 ಅವರ ಪಟ್ಟಿಯಲ್ಲಿ ಇಲ್ಲವೆಂದುಕೊಳ್ಳಿ. 300 ಕಳಿಸಿದ ದಿನವೇ ಅವರು ಆ ಆರ್ಡರ್ ಮುಗಿಸಿಬಿಟ್ಟಿರಬಹುದು. ಹಾಗಾಗಿದ್ದರೆ 18ಕ್ಕೆ ಏನೂ ಬರುವುದಿಲ್ಲ. ಹಳಬರು ಇರುವಾಗಲೇ ಮೂವರೂ ಒಂದು ಕಾಲ್‌ನಲ್ಲಿ ಮಾತಾಡಿ ಸರಿಮಾಡಿಕೊಳ್ಳಿ. ಎರಡು ದಿನವಾದರೂ ಉತ್ತರ ಬಾರದಿದ್ದರೆ ಹೊಸಬರೇ ಫೋನ್ ಮಾಡಲಿ.