ಹಳೇ ಪದ್ಧತಿಯೋ, ಹೊಸದೋ? ಎಚ್‌ಆರ್‌ಎ ಸಾಲು ಸರಿ ಬರೆದು ನೋಡಿ

ಕಡಿತಗಳು ಹೆಚ್ಚಿದ್ದರೆ ಹಳೇ ತೆರಿಗೆ ಪದ್ಧತಿಯೇ ಲಾಭ ಎಂದು ಅನೇಕ ನೌಕರರು ನಂಬಿದ್ದಾರೆ. ಲೆಕ್ಕ ಹಾಕದೆ ಇದನ್ನು ಒಪ್ಪಬೇಡಿ. 2025-26ನೇ ಹಣಕಾಸು ವರ್ಷದ ಒಂದು ಉದಾಹರಣೆ ನೋಡೋಣ.

ನೌಕರರೊಬ್ಬರ ವಾರ್ಷಿಕ ಒಟ್ಟು ಸಂಬಳ 16,00,000 ರೂಪಾಯಿ ಎಂದಿಟ್ಟುಕೊಳ್ಳಿ. ಶಿವಮೊಗ್ಗದಲ್ಲಿ ತಿಂಗಳಿಗೆ 12,000 ಬಾಡಿಗೆ ಕಟ್ಟುತ್ತಾರೆ. ಸಾಲ ಮಾಡಿ ತೀರ್ಥಹಳ್ಳಿಯಲ್ಲಿ ಕಟ್ಟಿಸಿದ ಸ್ವಂತ ಮನೆಯಲ್ಲಿ ಅಪ್ಪ-ಅಮ್ಮ ಇದ್ದಾರೆ.

ಮೊದಲು ಹೊಸ ಪದ್ಧತಿಯ ಕಾಲಂ ಮುಗಿಸಿ, ಅದು ಸುಲಭ. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 15,25,000. ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ. ಮುಂದಿನ 4 ಲಕ್ಷಕ್ಕೆ ಶೇ 5ರಂತೆ 20,000, ಅದರ ನಂತರದ 4 ಲಕ್ಷಕ್ಕೆ ಶೇ 10ರಂತೆ 40,000, ಉಳಿದ 3,25,000ಕ್ಕೆ ಶೇ 15ರಂತೆ 48,750. ಒಟ್ಟು 1,08,750. ಶೇ 4 ಸೆಸ್ ಸೇರಿ 1,13,100.

ಹಳೇ ಪದ್ಧತಿಯಲ್ಲಿ ಎಡವುವುದು ಎಚ್‌ಆರ್‌ಎ ಸಾಲಿನಲ್ಲಿ. ಇವರಿಗೆ ಬಂದ ಮನೆ ಬಾಡಿಗೆ ಭತ್ಯೆ 1,80,000. ಸಂಬಳದ ಚೀಟಿಯಲ್ಲಿರುವ ಅಷ್ಟೂ ಮೊತ್ತವನ್ನು ಕಳೆಯುವಂತಿಲ್ಲ. ಮೂರು ಅಂಕಿ ಬರೆಯಿರಿ: ಬಂದ ಭತ್ಯೆ 1,80,000; ಮೂಲ ವೇತನ ಮತ್ತು ನಿವೃತ್ತಿ ಸೌಲಭ್ಯಕ್ಕೆ ಪರಿಗಣಿಸುವ ತುಟ್ಟಿಭತ್ಯೆ ಸೇರಿ 9,00,000, ಅದರ ಶೇ 40 ಅಂದರೆ 3,60,000; ವರ್ಷದ ಬಾಡಿಗೆ 1,44,000ದಲ್ಲಿ ಆ ವೇತನದ ಶೇ 10, ಅಂದರೆ 90,000 ಕಳೆದು ಉಳಿಯುವ 54,000. ಮೂರರಲ್ಲಿ ಕಡಿಮೆಯದು ಯಾವುದೋ ಅದಷ್ಟೇ ವಿನಾಯಿತಿ: 54,000. ನಮ್ಮ ಊರುಗಳಲ್ಲಿ ಬಾಡಿಗೆ ಕಡಿಮೆ, ಹಾಗಾಗಿ ಮೂರನೆಯ ಅಂಕಿಯೇ ಹೆಚ್ಚಾಗಿ ನಿಲ್ಲುತ್ತದೆ.

ಉಳಿದವು ಬೇಗ ಮುಗಿಯುತ್ತವೆ. ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,500, ಮನೆ ಸಾಲದ ಬಡ್ಡಿ 1,80,000. ಭವಿಷ್ಯ ನಿಧಿ ಮತ್ತು ಎಲ್‌ಐಸಿ ಸೇರಿ 1,68,000 ಆದರೂ 80ಸಿ ಮಿತಿ 1,50,000 ಮಾತ್ರ. ಆರೋಗ್ಯ ವಿಮೆ 50,000, ಎನ್‌ಪಿಎಸ್‌ಗೆ ಸ್ವಂತವಾಗಿ ಕಟ್ಟಿದ್ದು 50,000. ಎಲ್ಲ ಕಳೆದರೆ 10,63,500. ಇದಕ್ಕೆ ತೆರಿಗೆ 1,31,550, ಸೆಸ್ ಸೇರಿ 1,36,812. ಇಷ್ಟೆಲ್ಲ ಕಡಿತವಿದ್ದರೂ ಹೊಸ ಪದ್ಧತಿಯಲ್ಲೇ 23,712 ರೂಪಾಯಿ ಉಳಿತಾಯ.

ಎಚ್‌ಆರ್‌ಎ ಸಾಲಿನಲ್ಲಿ 1,80,000 ಬರೆದಿದ್ದರೆ? ಹಳೇ ಪದ್ಧತಿಯ ತೆರಿಗೆ 1,04,000ಕ್ಕೆ ಇಳಿದು, ಅದೇ ಲಾಭವೆಂದು ಕಾಣುತ್ತಿತ್ತು. ಒಂದು ಸಾಲಿನ ತಪ್ಪಿಗೆ ತೀರ್ಮಾನವೇ ತಿರುಗಿಬಿಡುತ್ತದೆ. ಇವರ ಸಂಬಳಕ್ಕೆ ಹಳೇ ಪದ್ಧತಿ ಗೆಲ್ಲಬೇಕಾದರೆ ಒಟ್ಟು ಕಡಿತ 6,18,750 ದಾಟಬೇಕು, ಈಗಿರುವುದು 5,36,500.

ಸ್ವಂತ ಹೆಸರಿನಲ್ಲಿ ಅಡಿಕೆ ತೋಟವಿದ್ದು ಕೃಷಿಯ ನಿವ್ವಳ ಆದಾಯ 5,000 ಮೀರಿದ್ದರೆ ಈ ಹಾಳೆ ಸಾಲದು. ಆ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ಸಂಬಳದ ತೆರಿಗೆ ದರ ನಿರ್ಧರಿಸಲು ಅದನ್ನು ಎರಡೂ ಕಾಲಂಗಳಲ್ಲಿ ಸೇರಿಸಬೇಕು.

ನೀವು ಏನೂ ತಿಳಿಸದಿದ್ದರೆ ಕಚೇರಿಯವರು ಹೊಸ ಪದ್ಧತಿಯಂತೆ ಟಿಡಿಎಸ್ ಹಿಡಿಯುತ್ತಾರೆ. ವ್ಯಾಪಾರದ ಆದಾಯವಿಲ್ಲದ ನೌಕರರು ಗಡುವಿನೊಳಗೆ ರಿಟರ್ನ್ಸ್ ಸಲ್ಲಿಸುವಾಗ ಪದ್ಧತಿ ಬದಲಿಸಬಹುದು. ಹಳೇದನ್ನೇ ಆರಿಸಿದರೆ ಬಾಡಿಗೆ ರಸೀದಿ, ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ ಜೋಪಾನವಾಗಿರಲಿ. ವರ್ಷದ ಬಾಡಿಗೆ 1 ಲಕ್ಷ ಮೀರಿರುವುದರಿಂದ ಮನೆ ಮಾಲೀಕರ ಪ್ಯಾನ್ ಸಂಖ್ಯೆಯನ್ನೂ ಮೊದಲೇ ಕೇಳಿಟ್ಟುಕೊಳ್ಳಿ.