ಶಾರ್ಟೇಜ್ ಮೀಮ್‌ನಲ್ಲಿ ಲೆಕ್ಕ ಸರಿ ಇರಬೇಕು

ವಿಟಿಯು ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಓದುವಾಗ ನಾನೂ ನನ್ನ ರೂಮ್‌ಮೇಟೂ ಸೇರಿ ಕನ್ನಡದಲ್ಲಿ ಒಂದು ಮೀಮ್ ಪೇಜ್ ನಡೆಸುತ್ತಿದ್ದೆವು. ಫೇಲಾಗಿ ಉಳಿದ ಬ್ಯಾಕ್, ಅಟೆಂಡೆನ್ಸ್ ಶಾರ್ಟೇಜ್, ಲಾಸ್ಟ್ ಬೆಂಚ್, ಇಷ್ಟೇ ವಿಷಯ. ಬ್ಯಾಕ್ ಮೀಮ್ ರಿಸಲ್ಟ್ ಬಂದ ರಾತ್ರಿ ಜೋರಾಗಿ ಓಡುತ್ತಿತ್ತು, ಆಮೇಲೆ ತಣ್ಣಗಾಗುತ್ತಿತ್ತು. ಶಾರ್ಟೇಜ್ ಮೀಮ್ ಹಾಗಲ್ಲ. ಸೆಮಿಸ್ಟರ್‌ನ ಕೊನೇ ತಿಂಗಳು ಪೂರ್ತಿ ಅದೇ ಓಡುತ್ತಿತ್ತು, ಅದರ ಕೆಳಗೆ ಬರುತ್ತಿದ್ದ ಕಾಮೆಂಟ್‌ಗಳಲ್ಲಿ ನಗುವಿಗಿಂತ ಪ್ರಶ್ನೆಗಳೇ ಜಾಸ್ತಿ.

ಎಲ್ಲ ಪೇಜ್‌ಗಳಲ್ಲೂ ಬರುವ ಮೀಮ್ ಅಂದರೆ "ನನ್ನ ಅಟೆಂಡೆನ್ಸ್ 12%" ಅನ್ನೋ ಥರದ್ದು. ನೋಡಿ ನಗುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಯಾಕೆಂದರೆ 12% ಇರುವವನಿಗೆ ಟೆನ್ಷನ್ ಇಲ್ಲ, ಅವನ ಕಥೆ ಆಗಲೇ ಮುಗಿದಿದೆ. ನಿದ್ದೆ ಬಾರದಿರುವುದು ಎಕ್ಸಾಂಗೆ ಬೇಕಾದ 85ರ ಕೆಳಗೆ 72, 76, 83ರಲ್ಲಿ ನಿಂತವರಿಗೆ. ಆ ಸಂಖ್ಯೆಗಳನ್ನೇ ಮೀಮ್‌ಗೆ ಹಾಕಬೇಕು ಅಂತ ನಮಗೆ ಹೊಳೆದದ್ದು ಒಬ್ಬ ಜೂನಿಯರ್‌ನಿಂದ.

ಅವನು ಡಿಪ್ಲೊಮಾ ಮುಗಿಸಿ ಮೂರನೇ ಸೆಮ್‌ಗೆ ನೇರವಾಗಿ ಬಂದವನು. ಹಾಗೆ ಬಂದವರು ಬಹುತೇಕ ಹಿಂದಿನ ಬೆಂಚಲ್ಲೇ ಇರುತ್ತಾರೆ. ಪುಂಡರು ಅಂತಲ್ಲ, ಮುಂದಿನ ಜಾಗಗಳು ಮೊದಲ ವರ್ಷದಲ್ಲೇ ಭರ್ತಿಯಾಗಿರುತ್ತವೆ, ಗೆಳೆಯರ ಗುಂಪುಗಳೂ ಆಗಿಹೋಗಿರುತ್ತವೆ. ಇವನಿಗೆ ಕಾಮಾಲೆ ಬಂದು ಊರಿಗೆ ಹೋಗಿದ್ದ. ವಾಪಸ್ ಬಂದಾಗ ಒಂದು ಸಬ್ಜೆಕ್ಟ್‌ನಲ್ಲಿ 40 ಕ್ಲಾಸ್ ಆಗಿದ್ದವು, ಇವನದು 28. ಅಂದರೆ 70%. "ಅಣ್ಣಾ, ಇನ್ನು ಒಂದೂ ಬಿಡದೆ ಹೋದರೆ 85 ಆಗುತ್ತಲ್ವಾ?" ಅಂತ ಪೇಜ್‌ಗೆ ಮೆಸೇಜ್ ಮಾಡಿದ್ದ.

ಆಗುವುದಿಲ್ಲ. 28ರ ಜೊತೆ 40 ಕೂಡ ಬೆಳೆಯುತ್ತಾ ಹೋಗುತ್ತದೆ, ಅಲ್ವಾ? 85 ಮುಟ್ಟಲು ಒಂದೂ ತಪ್ಪಿಸದೆ ಇನ್ನೂ 40 ಕ್ಲಾಸ್ ಕೂರಬೇಕು, ಆಗ 80ಕ್ಕೆ 68. ಆದರೆ ಆ ಸೆಮ್‌ನಲ್ಲಿ ಉಳಿದಿದ್ದದ್ದು 10. ಹತ್ತಕ್ಕೂ ಹೋದರೆ 50ಕ್ಕೆ 38, 76%. ಒಂದೇ ಒಂದು ತಪ್ಪಿದರೆ 37, ಅಂದರೆ 74%. ಈ 76ಕ್ಕೂ 74ಕ್ಕೂ ಇರುವ ವ್ಯತ್ಯಾಸ ಹೊರಗಿನವರಿಗೆ ಗೊತ್ತಾಗುವುದಿಲ್ಲ. ನಿಯಮದ ಪ್ರಕಾರ ಬೇಕಾದದ್ದು 85. ಸರಿಯಾದ ಕಾರಣ ಇದ್ದು ಪ್ರಿನ್ಸಿಪಾಲರು ಶಿಫಾರಸು ಮಾಡಿದರೆ ಇನ್ನೊಂದು 10% ಮನ್ನಾ ಆಗಬಹುದು, ಅಂದರೆ 75ರವರೆಗೆ. ಅದರ ಕೆಳಗೆ ಬಾಗಿಲು ಮುಚ್ಚಿದಂತೆ.

ಇದನ್ನೇ ಮೀಮ್ ಮಾಡಿದೆವು. ಮೇಲಿನ ಚಿತ್ರದಲ್ಲಿ ಖುಷಿಯಾಗಿ ಬ್ಯಾಗ್ ಹಾಕಿಕೊಂಡು ಹೊರಟ ಹುಡುಗ, "28/40, ನಾಳೆಯಿಂದ ರೆಗ್ಯುಲರ್". ಕೆಳಗೆ ಅದೇ ಹುಡುಗ ಸುಮ್ನೆ ನಿಂತಿದ್ದಾನೆ, "ಬೇಕಾಗಿರೋದು 40, ಉಳಿದಿರೋದು 10". ಅದರ ಕೆಳಗೆ ಜನ ತಮ್ಮ ತಮ್ಮ ಲೆಕ್ಕ ಹಾಕತೊಡಗಿದರು. ಒಬ್ಬರು 31/44 ಅಂತ ಬರೆದರೆ, ಮುಖವೇ ನೋಡದ ಇನ್ನೊಬ್ಬರು ಕೂತು ಲೆಕ್ಕ ಮಾಡಿ ಉತ್ತರ ಕೊಡುತ್ತಿದ್ದರು. ಒಬ್ಬ ಹುಡುಗಿ ಲ್ಯಾಬ್ ವಿಷಯ ಎತ್ತಿದಳು. ಲ್ಯಾಬ್ ವಾರಕ್ಕೊಮ್ಮೆ, ಸೆಮ್‌ಗೆ 14 ಆದವು ಅಂದುಕೊಳ್ಳಿ, ಎರಡು ತಪ್ಪಿದರೆ ಹೇಗೋ 85 ದಾಟುತ್ತದೆ, ಮೂರನೆಯದು ತಪ್ಪಿದರೆ 78ಕ್ಕೆ ಇಳಿಯುತ್ತದೆ. ಮನೆಯಲ್ಲಿ ಮದುವೆ, ಹಬ್ಬ, ಒಂದು ಜ್ವರ, ಅಷ್ಟು ಸಾಕು.

ಜೂನಿಯರ್‌ಗೆ ನಾವು ಹೇಳಿದ್ದು ಒಂದೇ: ಶಾರ್ಟೇಜ್ ಲಿಸ್ಟ್ ನೋಟಿಸ್ ಬೋರ್ಡಿಗೆ ಬರುವವರೆಗೆ ಕಾಯಬೇಡ, ಆಸ್ಪತ್ರೆ ಪೇಪರ್ ತಗೊಂಡು ಈಗಲೇ ಎಚ್‌ಒಡಿ ಹತ್ತಿರ ಹೋಗು. ಹೋದ. ಉಳಿದ ಹತ್ತು ಕ್ಲಾಸಿಗೂ ಹೋದ. 76% ಆಗಿ ಎಕ್ಸಾಂಗೆ ಕೂರಲು ಅವಕಾಶ ಸಿಕ್ಕಿತು. ರಿಸಲ್ಟ್‌ನಲ್ಲಿ ಮಾತ್ರ ಅದೇ ಸಬ್ಜೆಕ್ಟ್ ಹೋಗಿತ್ತು, ಎಫ್ ಬಂದಿತ್ತು.

ಅವತ್ತು ಅವನು ಅತ್ತುಕೊಂಡೇ ಫೋನ್ ಮಾಡಿದ್ದ, ಪಟ್ಟ ಕಷ್ಟವೆಲ್ಲ ವ್ಯರ್ಥವಾಯಿತು ಅಂತ. ವ್ಯರ್ಥವಾಗಿರಲಿಲ್ಲ. ರಿಸಲ್ಟ್ ಶೀಟಿನಲ್ಲಿ `F` ಬಂದರೆ ಅದು ಬ್ಯಾಕ್. ಇಂಟರ್ನಲ್ಸ್ ಮಾರ್ಕ್ಸ್ ಹಾಗೇ ಉಳಿಯುತ್ತದೆ, ಮುಂದಿನ ಸಲ ಎಕ್ಸಾಂ ಮಾತ್ರ ಬರೆದರೆ ಸಾಕು. `NE` ಬಂದರೆ ಎಕ್ಸಾಂಗೇ ಅರ್ಹತೆ ಇಲ್ಲ, ಆ ಸಬ್ಜೆಕ್ಟ್ ಮತ್ತೆ ಶುರುವಾದಾಗ ಜೂನಿಯರ್ಸ್ ಜೊತೆ ಕ್ಲಾಸಲ್ಲಿ ಕೂತು ಇಂಟರ್ನಲ್ಸ್‌ನಿಂದಲೇ ಹೊಸದಾಗಿ ಆರಂಭಿಸಬೇಕು. ಮೀಮ್‌ಗಳಲ್ಲಿ ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ನನಗೆ ಅದು ಈಗಲೂ ಬೇಸರ, ಯಾಕೆಂದರೆ ಅದನ್ನು ನಂಬಿ "ಹೇಗಿದ್ದರೂ ಬ್ಯಾಕ್ ತಾನೇ" ಅಂತ ಕೊನೇ ಹತ್ತು ಕ್ಲಾಸ್ ಬಿಟ್ಟವರನ್ನು ನೋಡಿದ್ದೇನೆ.

ಅವನು ಮುಂದಿನ ಸೆಮ್‌ನಲ್ಲಿ ಆ ಪೇಪರ್ ಪಾಸ್ ಮಾಡಿಕೊಂಡ. ಆಮೇಲೆ ಪ್ರತಿ ಸೆಮಿಸ್ಟರ್ ಹತ್ತನೇ ವಾರದ ಹೊತ್ತಿಗೆ ನಮ್ಮ ಪೇಜ್‌ನಲ್ಲಿ 28/40 ಮೀಮ್ ಮತ್ತೆ ಹಾಕುತ್ತಿದ್ದವನು ಅವನೇ, ಕಾಮೆಂಟ್‌ಗಳಲ್ಲಿ ಲೆಕ್ಕ ಮಾಡಿಕೊಡುತ್ತಿದ್ದವನೂ ಅವನೇ.